ಒಳಗಿನ ಅಳತೆ, ಹೊರಗಿನ ಅಳತೆ

ನಾಲ್ಕು ಜನ ಕೂಡಿದೆಡೆಯಲ್ಲಿ ಒಬ್ಬರು ತಪ್ಪೊಂದನ್ನು ಆಡಿದಾಗ, ಸರಿಯಾದುದನ್ನು ಬಲ್ಲ ಮತ್ತೊಬ್ಬರ ನಾಲಗೆ ತುರಿಸತೊಡಗುವುದು ಮನುಷ್ಯಸಹಜವೇ ಆಗಿದೆ. ಹೇಳಿದರೆ ಆಡಿದವರ ಮುಖ ಬಾಡೀತು. ಹೇಳದಿದ್ದರೆ ತಪ್ಪು ನಾಲ್ಕು ಬಾಯಿಗೆ ಹಂಚಿಹೋದೀತು. ಈ ಇಕ್ಕಟ್ಟನ್ನು ಕಾಣಬೇಕಾದವರು ವಿಜಯಪುರದ ಗೋಲಗುಮ್ಮಟದ ಕೆಳಗೆ ಅರ್ಧ ಗಂಟೆ ನಿಂತರೆ ಸಾಕು. 'ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ' ಎಂಬ ಮಾತು ಅಲ್ಲಿಯ ಗಾಳಿಯಲ್ಲೇ ಸೇರಿಕೊಂಡಿದೆ. ಶಾಲೆಯ ಪಾಠದಲ್ಲಿ, ಪ್ರವಾಸದ ಕೈಪಿಡಿಯಲ್ಲಿ, ಟಾಂಗಾದವರ ಬಾಯಲ್ಲಿ ಅದು ಹಲವು ತಲೆಮಾರುಗಳಿಂದ ನೆಲೆಸಿದೆ. ಹೆಮ್ಮೆಯ ಮಾತಾದ್ದರಿಂದ ಅದನ್ನು ಅಲ್ಲಗಳೆಯುವುದು ಇನ್ನಷ್ಟು ಕಷ್ಟ.

ತಿಕೋಟಾ ಕಡೆಯ ಪ್ರೌಢಶಾಲೆಯೊಂದರ ನಲವತ್ತು ಮಕ್ಕಳು ಮೇಷ್ಟ್ರೊಬ್ಬರೊಂದಿಗೆ ಗುಮ್ಮಟವನ್ನು ನೋಡಲು ಬಂದ ದಿನವನ್ನು ಎತ್ತಿಕೊಳ್ಳೋಣ. ಮಕ್ಕಳಿಗೆ ವಿವರಿಸಲು ನಿಂತವರು ವಯಸ್ಸಾದ ಗೈಡ್ ಒಬ್ಬರು. ಊರವರಿಗೆಲ್ಲ ಅವರು 'ಚಾಚಾ'. ಅವರ ತಿಳಿವಳಿಕೆ ಸಾಮಾನ್ಯದ್ದಲ್ಲ. ಮಹಮ್ಮದ ಆದಿಲಶಹನು ೧೬೨೭ರಿಂದ ೧೬೫೬ರವರೆಗೆ ಆಳಿದುದನ್ನು, ದಕ್ಷಿಣದ ಬಾಗಿಲ ಮೇಲಿನ ಪಾರಸಿ ಬರಹದ ಮೂರು ವಾಕ್ಯಗಳೂ ಒಂದೊಂದಾಗಿ ಅವನ ಮರಣದ ವರ್ಷವನ್ನು, ಎಂದರೆ ಹಿಜರಿ ೧೦೬೭ನ್ನು, ಅಡಗಿಸಿಕೊಂಡಿರುವುದನ್ನು ಅವರು ಅಕ್ಷರ ಬಿಡಿಸಿ ಹೇಳಬಲ್ಲರು. ಅದೆಲ್ಲವನ್ನೂ ಹೇಳಿದ ಮೇಲೆ ತಲೆಯೆತ್ತಿ, ಕೈಯನ್ನು ಅಗಲಿಸಿ, "ಇವತ್ತಿಗೂ ಇಡೀ ಜಗತ್ತಿನ್ಯಾಗ ಇದು ಎರಡನೇ ದೊಡ್ಡ ಗುಮ್ಮಟ. ಮೊದಲನೇದು ರೋಮಿನ ಸೇಂಟ್ ಪೀಟರ್!" ಎಂದರು.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಹುಡುಗನೊಬ್ಬ ಮೊಬೈಲನ್ನು ಮೇಲಕ್ಕೆತ್ತಿದ. "ಸರ, ಇದರಾಗ ಬ್ಯಾರೆ ಐತ್ರಿ! ಎರಡನೇದು ಅಲ್ಲಂತ್ರಿ!"

ಹುಡುಗಿಯರ ಸಾಲಿನಲ್ಲಿ ಕಿಸಕ್ಕೆಂದು ನಗೆ ಎದ್ದಿತು. ಚಾಚಾ ಅವರ ಅಗಲಿಸಿದ ಕೈ ಅಲ್ಲೇ ನಿಂತಿತು. ಆ ಒಂದು ಕ್ಷಣದಲ್ಲಿ ಎಷ್ಟೆಲ್ಲ ಪಣಕ್ಕೆ ಬಿದ್ದಿತ್ತೆಂಬುದನ್ನು ಓದುಗರು ಗಮನಿಸಬೇಕು. ಗೈಡ್ ಆದವನ ಬಂಡವಾಳವೇ ಕೇಳುಗರ ನಂಬಿಕೆ. ಎರಡನೆಯ ಗುಮ್ಮಟವೆಂಬ ಮಾತು ಸುಳ್ಳೆಂದು ಬಯಲಾದರೆ, ಹಿಜರಿ ೧೦೬೭ರ ಸತ್ಯವನ್ನೂ ಮಕ್ಕಳು ಅದೇ ಗಂಟಿನಲ್ಲಿ ಕಟ್ಟಿ ಎಸೆಯುತ್ತಾರೆ. ಹುಡುಗನನ್ನು ಗದರಿಸಿ ಕೂರಿಸಿದರೆ ಓದಿದ್ದನ್ನು ಹೇಳಬಾರದೆಂಬ ಪಾಠವನ್ನು ಆತ ಮನೆಗೆ ಒಯ್ಯುತ್ತಾನೆ. 'ಹೋಗಲಿ ಬಿಡ್ರಿ' ಎಂದು ನಕ್ಕು ಸಾಗಿಸಿದರೆ ಇಬ್ಬರಿಗೂ ನ್ಯಾಯ ದೊರೆಯುವುದಿಲ್ಲ.

ಮೇಷ್ಟ್ರು ಇವುಗಳಲ್ಲಿ ಯಾವುದನ್ನೂ ಮಾಡಲಿಲ್ಲ. ಹುಡುಗನ ಕಡೆ ತಿರುಗಿ, "ಛಲೋ ಆತು, ಅದರಾಗ ಗುಮ್ಮಟದ ಅಗಲ ಎಷ್ಟಂತ ಬರದಾರ, ಓದು ನೋಡೂಣು" ಎಂದರು.

"ನಲವತ್ನಾಲ್ಕು ಮೀಟರ್ ರೀ."

"ಅಂದ್ರ ನೂರಾ ನಲವತ್ನಾಲ್ಕು ಫೂಟಿನ ಸುಮಾರ ಆತು. ಚಾಚಾ, ಇದು ಹೊರಗಿನ ಅಳತಿ ಏನ್ರಿ, ಒಳಗಿಂದೋ?"

ಚಾಚಾ ಅವರ ಮುಖಕ್ಕೆ ಜೀವ ಬಂದಿತು. ಇದು ಅವರ ಅಂಗಳದ ಪ್ರಶ್ನೆ. "ಹೊರಗಿಂದರೀ ಮಾಸ್ತರ! ಗುಮ್ಮಟದ ಗ್ವಾಡೀನ ಬುಡದಾಗ ಹತ್ತು ಫೂಟ ದಪ್ಪ ಐತಿ. ಎರಡೂ ಕಡೆ ಕಳೀರಿ, ಒಳಗ ನೂರಾ ಇಪ್ಪತ್ನಾಲ್ಕರ ಮ್ಯಾಲ ಒಂದೀಟು ಉಳೀತೈತಿ."

"ಹಂಗಿದ್ರ ಮೊಬೈಲಿನವರು ಹೊರಗಿಂದ ಹಿಡದಾರ" ಎಂದು ಮೇಷ್ಟ್ರು ಹುಡುಗನಿಗೆ ಹೇಳಿದರು. ಬಳಿಕ ಮತ್ತೆ ಚಾಚಾ ಅವರತ್ತ ತಿರುಗಿ, "ರೋಮಿನ ಪ್ಯಾಂಥಿಯನ್ ಒಳಗಿನಿಂದ ನೂರಾ ನಲವತ್ತೆರಡು ಫೂಟ ಅಂತ ಓದೀನ್ರಿ. ಸೇಂಟ್ ಪೀಟರೂ ಫ್ಲಾರೆನ್ಸಿನ ಗುಮ್ಮಟಾನೂ ಒಳಗಿನ ಅಗಲದಾಗ ನಮ್ಮದಕ್ಕಿಂತ ಮುಂದ ಅದಾವ. ಆದ್ರ ನೆಲದ ಲೆಕ್ಕ ಹಿಡಿದ್ರ ಮಾತ ಬ್ಯಾರೆ ಆಗತೈತಿ ಅಲ್ರೀ? ಕಂಬ ಇಲ್ಲದ ಈ ನೆಲ ಎಷ್ಟು ಬರತೈತಿ?"

"ಹದಿನೆಂಟು ಸಾವಿರ ಚದರ ಫೂಟಿನ ಮ್ಯಾಲ!"

"ಪ್ಯಾಂಥಿಯನ್ನಿಂದು ಹದಿನೈದು ಸಾವಿರದ ಎಂಟುನೂರು ಚಿಲ್ಲರ."

ಚಾಚಾ ಒಂದು ಗಳಿಗೆ ಸುಮ್ಮನಿದ್ದರು. ಅನಂತರ ಮಕ್ಕಳ ಕಡೆಗೆ ತಿರುಗಿ, ಮೊದಲಿಗಿಂತಲೂ ಅಗಲವಾಗಿ ಕೈ ಚಾಚಿ, "ಕೇಳ್ರಪಾ! ಬರೇ ಅಗಲ ನೋಡಿದ್ರ ರೋಮಿನವು ದೊಡ್ಡವು. ಒಂದ ಗುಮ್ಮಟದ ಕೆಳಗ ಮುಚ್ಚಿದ ನೆಲ ನೋಡಿದ್ರ, ರೋಮಿನ ಪ್ಯಾಂಥಿಯನ್ನೂ ನಮ್ಮದರ ಹಿಂದ!" ಎಂದರು. ಮೊಬೈಲ್ ಹಿಡಿದ ಹುಡುಗ ಮೊದಲು ಚಪ್ಪಾಳೆ ತಟ್ಟಿದ.

ಇಲ್ಲಿ ನಡೆದುದೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಎಷ್ಟೋ ತಪ್ಪುಗಳು ನಿಜವೊಂದರ ಹೊಟ್ಟೆಯಲ್ಲೇ ಹುಟ್ಟಿರುತ್ತವೆ. ೧೯೧೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೆನ್ರಿ ಕೌಸೆನ್ಸ್ ಈ ಕಟ್ಟಡವನ್ನು ಅಳೆದು, ಗೋಡೆಯಿಂದ ಒಳಕ್ಕೆ ಚಾಚಿರುವ ಮೂಲೆಗಳನ್ನೂ ಕಳೆದು, ನೆಲದ ವಿಸ್ತಾರವನ್ನು ೧೮,೧೦೯ ಚದರಡಿ ಎಂದು ಲೆಕ್ಕಹಾಕಿದರು. ಒಂದೇ ಗುಮ್ಮಟ ಮುಚ್ಚಿರುವ ನೆಲಗಳಲ್ಲಿ ಇದೇ ಅತಿ ದೊಡ್ಡದೆಂದೂ, ೧೫,೮೩೩ ಚದರಡಿಯ ಪ್ಯಾಂಥಿಯನ್ ಇದರ ನಂತರದ್ದೆಂದೂ ಅವರು ಬರೆದರು. ಅವರು ಹೇಳಿದ್ದು ನೆಲದ ಮಾತು. ಜನರ ಬಾಯಲ್ಲಿ ಅದು ಗುಮ್ಮಟದ ಅಗಲದ ಮಾತಾಗಿ ಬೆರೆತುಹೋಗುವುದು ಸುಲಭ. ಅದರ ಜೊತೆಗೆ ಹೊರಗಿನ ೧೪೪ ಅಡಿಯನ್ನು ಬೇರೆಯವರ ಒಳಗಿನ ಅಳತೆಯ ಪಕ್ಕದಲ್ಲಿಟ್ಟು ಹೋಲಿಸುವ ಚಾಳಿಯೂ ಉಂಟು. ಚಾಚಾ ಸುಳ್ಳು ಹೇಳುತ್ತಿರಲಿಲ್ಲ. ನಿಜವೊಂದನ್ನು ಬೇರೆ ಗೂಟಕ್ಕೆ ಕಟ್ಟಿದ್ದರು. ಮೇಷ್ಟ್ರು ಅದನ್ನು ಬಿಚ್ಚಿ ಅದರ ಗೂಟಕ್ಕೇ ಕಟ್ಟಿಸಿದರು, ಅದೂ ಚಾಚಾ ಅವರ ಕೈಯಿಂದಲೇ.

ನೆಲ ದೊಡ್ಡದು, ಗುಮ್ಮಟ ಅದಕ್ಕಿಂತ ಚಿಕ್ಕದು ಎಂಬುದು ಒಗಟಿನಂತೆ ತೋರಬಹುದು. ಕೆಳಗಿನ ಅಂಗಳ ಚೌಕವಾದುದು, ಒಂದೊಂದು ಮಗ್ಗುಲೂ ೧೩೫ ಅಡಿ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಮೇಲೇರುತ್ತ ಒಳಕ್ಕೆ ಬಾಗಿ, ಆ ಚೌಕವನ್ನು ದುಂಡಗೆ ಮಾಡಿ, ಗುಮ್ಮಟಕ್ಕೆ ಕೊಡುತ್ತವೆ. ಪಿಸುಮಾತಿಗೆ ಹೆಸರಾದ ಮೊಗಸಾಲೆ ಇರುವುದು ಹೀಗೆ ಒಳಕ್ಕೆ ಚಾಚಿದ ಈ ಕಟ್ಟಿನ ಮೇಲೆಯೇ. ಇದನ್ನು ತಿಳಿದವರಿಗೆ 'ಯಾವ ಅಳತೆಯಲ್ಲಿ?' ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ತಿಳಿಯದವರು ಅದನ್ನು ಕೇಳಲು ಹೋದರೆ ನಟನೆಯಾಗುತ್ತದೆ.

ಪ್ರಶ್ನೆಯ ರೂಪದಲ್ಲಿ ತಿದ್ದಬೇಕೆಂದು ಹಿರಿಯರು ಹೇಳುವುದುಂಟು. ಆದರೆ ಎಲ್ಲ ಪ್ರಶ್ನೆಗಳೂ ಮೃದುವಲ್ಲ. 'ನಿಮಗೆ ಖಾತ್ರಿ ಇದೆಯೇ?', 'ಇದು ಯಾವ ಪುಸ್ತಕದಲ್ಲಿದೆ?' ಎಂಬವು ಪ್ರಶ್ನೆಯ ವೇಷ ತೊಟ್ಟ ಗುದ್ದುಗಳು. ಅವಕ್ಕೆ ಇರುವ ಉತ್ತರ ಒಂದೇ, ಆ ಉತ್ತರವೂ ಸೋಲೇ. ಮೇಷ್ಟ್ರು ಕೇಳಿದ 'ಹೊರಗಿನದೋ, ಒಳಗಿನದೋ' ಎಂಬುದಕ್ಕೆ ಎರಡು ಉತ್ತರಗಳಿದ್ದವು; ಯಾವುದನ್ನು ಹೇಳಿದರೂ ಚಾಚಾ ತಲೆಯೆತ್ತಿಯೇ ನಿಲ್ಲುತ್ತಿದ್ದರು. ಪ್ರಶ್ನೆಯನ್ನು ಕೇಳುವ ಮುನ್ನ ಈ ಒಂದು ಪರೀಕ್ಷೆಯನ್ನು ಮನಸ್ಸಿನಲ್ಲೇ ಮಾಡಿಕೊಂಡರೆ ಅರ್ಧ ಅಪಾಯ ಕಳೆದಂತೆ.

ಇನ್ನೊಂದು ಸಂಗತಿಯೂ ಇದೆ. ತಿದ್ದಲು ಹೊರಟ ಮೊಬೈಲಿನ ಅಂಕಿಯೂ ಅರೆ ತಿಳಿವಳಿಕೆಯದೇ ಆಗಿತ್ತು. ಮೇಷ್ಟ್ರು ಹುಡುಗನ ಮಾತನ್ನು ನಂಬಿ ಆ ಕ್ಷಣವೇ ತೀರ್ಪು ಕೊಟ್ಟಿದ್ದರೆ, ಹತ್ತು ಅಡಿ ದಪ್ಪದ ಗೋಡೆಯ ಲೆಕ್ಕವನ್ನು ಬಲ್ಲ ಚಾಚಾ ಅವರೇ ಮರುಗಳಿಗೆಯಲ್ಲಿ ಅವರನ್ನು ತಿದ್ದಬೇಕಾಗುತ್ತಿತ್ತು. ಸಭೆಯಲ್ಲಿ ತಿದ್ದುವವನು ತಾನೇ ತಪ್ಪಿದರೆ ಆಗುವ ಅಭಾಸವನ್ನು ವಿವರಿಸಬೇಕಾಗಿಲ್ಲ. ಅಧ್ಯಾಪಕವರ್ಗಕ್ಕಂತೂ ಅದರ ಅನುಭವ ಸಾಕಷ್ಟಿದೆ.

'ಇವತ್ತಿಗೂ' ಎಂಬ ಮಾತೊಂದು ಉಳಿದಿತ್ತು. ಅದೂ ತಪ್ಪೇ. ೧೯೧೩ರಲ್ಲಿ ಮುಗಿದ, ಈಗ ಪೋಲೆಂಡಿನಲ್ಲಿರುವ ವ್ರೊತ್ಸ್ವಾಫ್ ನಗರದ ಸಭಾಂಗಣದ ಗುಮ್ಮಟ ೬೫ ಮೀಟರ್ ಅಗಲದ್ದು. ೨೦೧೪ರಲ್ಲಿ ತೆರೆದ ಸಿಂಗಪುರದ ಕ್ರೀಡಾಂಗಣದ ಮುಚ್ಚಿಗೆಯಂತೂ ೩೧೦ ಮೀಟರ್. ಮೇಷ್ಟ್ರಿಗೆ ಇದು ಗೊತ್ತಿತ್ತು. ಆದರೂ ಆ ಚಪ್ಪಾಳೆಯ ನಡುವೆ ಅದನ್ನು ಎತ್ತಲಿಲ್ಲ. ಒಂದು ಸಲ ತಿದ್ದಿಸಿಕೊಂಡವರನ್ನು ಅಲ್ಲೇ ನಿಲ್ಲಿಸಿ ಮತ್ತೊಮ್ಮೆ ತಿದ್ದಿದರೆ, ಮೊದಲನೆಯ ಸೌಜನ್ಯವೂ ತಂತ್ರವೆನಿಸಿಬಿಡುತ್ತದೆ. ಮೂಲೆಯ ಮಿನಾರಿನ ಸುತ್ತುಮೆಟ್ಟಿಲುಗಳಲ್ಲಿ ಮಕ್ಕಳು ಮುಂದೆ ಓಡಿದ ಮೇಲೆ, ಉಸಿರು ತಿರುಗಿಸಿಕೊಳ್ಳಲು ಇಬ್ಬರೂ ಕಿಂಡಿಯ ಬಳಿ ನಿಂತಾಗ, ಸಿಂಗಪುರದ ಮಾತನ್ನು ಮೆಲ್ಲಗೆ ತೆಗೆದರು.

"ಮುನ್ನೂರಾ ಹತ್ತು ಮೀಟರ್!" ಚಾಚಾ ತಲೆಯಾಡಿಸಿದರು. "ಅಲ್ಲಿ ಕಬ್ಬಿಣ ಹಾಕಿರಬೇಕು. ಇಲ್ಲಿ ಬರೇ ಇಟ್ಟಂಗಿ, ಗಾರಿ. ಹೋಗ್ಲಿ ಬಿಡ್ರಿ, 'ಆ ಕಾಲಕ್ಕ' ಅಂತ ಒಂದ ಮಾತ ಕೂಡಿಸಿ ಹೇಳತೀನಿ."

ಅವರು ನಿಜವಾಗಿಯೂ ಹಾಗೆ ಹೇಳಿದರು. ಮಕ್ಕಳು ಬಸ್ಸಿಗೆ ಹೊರಡುವ ಹೊತ್ತಿಗೆ ಕೆಳಗೆ ಇನ್ನೊಂದು ಗುಂಪು ನೆರೆದಿತ್ತು. 'ಆ ಕಾಲಕ್ಕ' ಎಂಬ ಮಾತೂ, ಹದಿನೆಂಟು ಸಾವಿರ ಚದರ ಫೂಟೂ ಚಾಚಾ ಅವರ ದನಿಯಲ್ಲಿ ಕಮಾನಿನಿಂದ ಕಮಾನಿಗೆ ಹಾಯುತ್ತಿದ್ದವು. ತಿದ್ದುಪಡಿ ನಾಟಿತೋ ಇಲ್ಲವೋ ಎಂಬುದನ್ನು ತಿಳಿಯಲು ಇದಕ್ಕಿಂತ ಬೇರೆ ಗುರುತು ಬೇಕಿಲ್ಲ. ಮುಖ ಉಳಿಸಲು 'ಹೌದು ಹೌದು' ಎಂದವರು ಮುಂದಿನ ಗುಂಪಿಗೆ ಹಳೆಯದನ್ನೇ ಹೇಳುತ್ತಾರೆ. ಒಪ್ಪಿದವರು ಹೊಸದನ್ನು ತಮ್ಮದಾಗಿಸಿಕೊಂಡು ಹೇಳುತ್ತಾರೆ. ಆಗ ತಿದ್ದಿದವನ ಹೆಸರು ಅದರಲ್ಲಿ ಇರುವುದಿಲ್ಲ. ಇರಬೇಕೆಂದು ಬಯಸುವವರಿಗೆ ಈ ಕೆಲಸ ಒಗ್ಗುವುದೂ ಇಲ್ಲ.

ಆದರೆ ಎಲ್ಲ ಕಡೆಯೂ ಪ್ರಶ್ನೆ ಕೇಳುವ ಅವಕಾಶ ದೊರೆಯುವುದಿಲ್ಲ. ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರದಲ್ಲಿ ವಚನ ಸಾಹಿತ್ಯದ ಸಭೆಯೊಂದು ನಡೆದಿದೆ ಎಂದಿಟ್ಟುಕೊಳ್ಳಿ. ಮುಖ್ಯ ಅತಿಥಿಗಳು ಭಾವಪೂರ್ಣವಾಗಿ ಮಾತನಾಡುತ್ತ, ಫ. ಗು. ಹಳಕಟ್ಟಿಯವರು 'ಇದೇ ವಿಜಯಪುರದ ಮಣ್ಣಿನಲ್ಲಿ ಹುಟ್ಟಿದವರು' ಎಂದುಬಿಡುತ್ತಾರೆ. ಹಳಕಟ್ಟಿಯವರು ಹುಟ್ಟಿದುದು ೧೮೮೦ರಲ್ಲಿ, ಧಾರವಾಡದಲ್ಲಿ. ವಕೀಲಿಗಾಗಿ ವಿಜಯಪುರಕ್ಕೆ ಬಂದುದು ೧೯೦೪ರಲ್ಲಿ. ವೇದಿಕೆಯ ಮೇಲಿನ ಭಾಷಣವನ್ನು ನಡುವೆ ತಡೆಯುವುದು ಯಾವ ಊರಲ್ಲೂ ಸಲ್ಲದು. ಆದರೆ ಕೆಳಗೆ ಕುಳಿತ ವಿದ್ಯಾರ್ಥಿಗಳು ಅದನ್ನು ಟಿಪ್ಪಣಿ ಮಾಡಿಕೊಳ್ಳುತ್ತಿರುತ್ತಾರೆ.

ಇಂಥ ಸಂದರ್ಭದಲ್ಲಿ ನೆರವಾಗಬಲ್ಲವರು ವಂದನಾರ್ಪಣೆಯವರು. ಸಾಮಾನ್ಯವಾಗಿ ಅವರ ಮಾತಿಗೆ ಯಾರೂ ಕಿವಿಗೊಡುವುದಿಲ್ಲವೆಂಬುದು ಬೇರೆ ವಿಷಯ! "ಧಾರವಾಡದಲ್ಲಿ ಹುಟ್ಟಿ, ವಿಜಯಪುರವನ್ನೇ ತಮ್ಮ ಊರಾಗಿಸಿಕೊಂಡು, ೧೯೨೩ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ನಾಡಿಗೆ ಕೊಟ್ಟ ಹಳಕಟ್ಟಿಯವರ ಬಗ್ಗೆ ಇಷ್ಟು ಅಭಿಮಾನದಿಂದ ಮಾತನಾಡಿದ ಅತಿಥಿಗಳಿಗೆ ವಂದನೆಗಳು" ಎಂದರೆ ಸಾಕು. ಅತಿಥಿಗಳ ಅಭಿಮಾನಕ್ಕೂ ಏಟಿಲ್ಲ, ಊರಿನ ಅಭಿಮಾನಕ್ಕೂ ಕೊರತೆಯಿಲ್ಲ. ಹುಟ್ಟೂರನ್ನು ಬಿಟ್ಟು ಬಂದವರು ಈ ಊರನ್ನೇ ಆರಿಸಿಕೊಂಡರೆಂಬುದು ಒಂದು ಕೈ ಮೇಲಿನ ಗೌರವ. ಇದನ್ನು ಕೆಡಿಸುವುದು ಕಣ್ಣು. 'ಧಾರವಾಡ' ಎನ್ನುವಾಗ ಅತಿಥಿಗಳ ಕಡೆಗೊಮ್ಮೆ ನೋಡಿದರೆ, ಇಲ್ಲವೆ ಆ ಮಾತನ್ನು ಒತ್ತಿ ಎಳೆದರೆ, ಸಭೆಗೆಲ್ಲ ಒಳಗುಟ್ಟು ತಿಳಿದುಹೋಗುತ್ತದೆ. ಈ ರೀತಿಗೆ ಒಂದು ಮಿತಿಯೂ ಇದೆ: ಸದ್ದಿಲ್ಲದೆ ತಿದ್ದಿದುದು ಸದ್ದಿಲ್ಲದೆ ಜಾರಿಯೂ ಹೋಗಬಹುದು. ಟಿಪ್ಪಣಿ ಮಾಡಿಕೊಂಡವರಲ್ಲಿ ಅರ್ಧ ಮಂದಿ ಆಗಲೇ ಚಪ್ಪಲಿ ಹುಡುಕುತ್ತಿರುತ್ತಾರೆ. ಆದ್ದರಿಂದ ವಿದ್ಯಾರ್ಥಿಗಳಿಗೆ ಮರುದಿನ ತರಗತಿಯಲ್ಲಿ, ಅತಿಥಿಗಳಿಗೆ ಚಹದ ಹೊತ್ತಿನಲ್ಲಿ, ಮತ್ತೆ ಹೇಳಲೇಬೇಕು. ಚಹದ ಹೊತ್ತಿನಲ್ಲಿ ಹೇಳದೆ ಬಿಟ್ಟರೆ ಅವರು ಮುಂದಿನ ಊರಿನ ಸಭೆಯಲ್ಲೂ ಅದನ್ನೇ ಹೇಳುತ್ತಾರೆ, ಅಲ್ಲಿ ತಿದ್ದುವವರು ಇಷ್ಟು ಮೃದುವಾಗಿ ಇರಲಾರರು.

ಈ ಎಲ್ಲ ನಾಜೂಕನ್ನೂ ಬದಿಗಿಡಬೇಕಾದ ಸಂದರ್ಭವೂ ಉಂಟು. ಅದಕ್ಕಾಗಿ ಅಥಣಿಯ ದಾರಿ ಹಿಡಿದು ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಹೋಗಬೇಕು. ಒಣದ್ರಾಕ್ಷಿ ಮಾಡುವವರು ಗೊನೆಗಳನ್ನು ಕೊಯ್ದು, ನೆರಳಿನ ಜಾಲರಿಗಳ ಮೇಲೆ ಹರಡುವ ಮೊದಲು, ದ್ರಾವಣವೊಂದರಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ನೂರು ಲೀಟರು ನೀರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿ ಎರಡೂವರೆ ಕಿಲೋ, ಡಿಪ್ಪಿಂಗ್ ಎಣ್ಣೆ ಒಂದೂವರೆ ಲೀಟರು. ಹಣ್ಣಿನ ಮೈಮೇಲಿನ ತೆಳುವಾದ ಮೇಣದ ಪದರು ಅದರಿಂದ ಸಡಿಲಗೊಂಡು ಒಳಗಿನ ನೀರು ಬೇಗ ಆರುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಇಳಿದ ಹತ್ತು ಹನ್ನೆರಡು ರೈತರು ಅನುಭವಿ ಹಿರಿಯರೊಬ್ಬರ ಶೆಡ್ಡಿನಲ್ಲಿ ನೆರೆದಿದ್ದಾರೆ. ಆ ಊರಿನಲ್ಲಿ ಅವರ ಮಾತೆಂದರೆ ಮಾತು. ಮಾತಿನ ಭರದಲ್ಲಿ ಅವರು, "ನೂರ ಲೀಟರಿಗೆ ಪುಡಿ ಒಂದೂವರಿ, ಎಣ್ಣಿ ಎರಡೂವರಿ" ಎಂದರು. ಕೇಳುವವರಲ್ಲಿ ಒಬ್ಬ ಆಗಲೇ ಎಣ್ಣೆಯ ಡಬ್ಬಿಯ ಮುಚ್ಚಳ ತಿರುವುತ್ತಿದ್ದ. ಪುಡಿ ಕಡಿಮೆಯಾದರೆ ಮೇಣ ಸಡಿಲವಾಗದೆ ಹಣ್ಣು ಆರುವುದು ತಡವಾಗುತ್ತದೆ, ಎಣ್ಣೆ ಹೆಚ್ಚಾದರೆ ಜಿಡ್ಡು ಉಳಿಯುತ್ತದೆ. ನಡುವೆ ಅಕಾಲದ ಮಳೆಯೊಂದು ಬಂದರೆ ವರ್ಷದ ದುಡಿಮೆ ಬೂಷ್ಟು ಹಿಡಿದಂತೆಯೇ. ಚಹದ ಹೊತ್ತಿನವರೆಗೆ ಕಾಯುವಂತಿಲ್ಲ. 'ಯಾವ ಅಳತೆಯಲ್ಲಿ' ಎಂದು ಪೀಠಿಕೆ ಹಾಕುತ್ತ ಕೂರುವಂತೆಯೂ ಇಲ್ಲ.

ಅಲ್ಲೇ ನಿಂತಿದ್ದ ತಮ್ಮನ ಮಗ ದನಿಯೆತ್ತಿ, "ಕಾಕಾ, ಅದಲಬದಲ ಆತ್ರಿ. ಪುಡಿ ಎರಡೂವರಿ, ಎಣ್ಣಿ ಒಂದೂವರಿ. ಹ್ವಾದ ವರ್ಷ ನೀವ ನನಗ ಹಂಗ ಕಲಿಸಿದ್ರಿ" ಎಂದ.

ಇದರಲ್ಲಿ ಸುತ್ತುಬಳಸು ಇಲ್ಲ. ತಪ್ಪನ್ನು ತಪ್ಪೆಂದೇ ಹೇಳಿತು, ಸರಿಯಾದ ಎರಡು ಅಂಕಿಗಳನ್ನೂ ಎಲ್ಲರ ಕಿವಿಗೆ ಬೀಳುವಂತೆ ಮುಂದಿಟ್ಟಿತು. ಆದರೂ ಹಿರಿಯರ ಮುಖ ಬಾಡಲಿಲ್ಲ. ಅವರದು ಅಜ್ಞಾನವಲ್ಲ, ನಾಲಗೆಯ ಜಾರು ಎಂಬುದನ್ನು ಆ ಹುಡುಗ ಅರಿತಿದ್ದ; ಸರಿಯಾದ ಲೆಕ್ಕದ ಒಡೆತನವನ್ನೂ ಅವರಿಗೇ ಹಿಂದಿರುಗಿಸಿದ. ಅದು ನಿಜವೂ ಆಗಿದ್ದರಿಂದ ಮಾತಿಗೆ ಬಲ ಬಂತು. ಹಿಂದೆಂದೂ ಕಲಿಸದವರನ್ನು ಹಿಡಿದು 'ನೀವೇ ಕಲಿಸಿದ್ದು' ಎಂದಿದ್ದರೆ ಅದು ಮುಖಸ್ತುತಿಯಾಗುತ್ತಿತ್ತು, ಕೇಳಿದವರಿಗೂ ಅದು ತಿಳಿಯದೆ ಇರುತ್ತಿರಲಿಲ್ಲ. ಅಂಥ ಕಡೆ ಡಬ್ಬಿಯ ಮೇಲಿನ ಬರಹವನ್ನೋ ಸಲಹಾ ಪತ್ರಿಕೆಯನ್ನೋ ಗಟ್ಟಿಯಾಗಿ ಓದುವುದೇ ಲೇಸು.

ಕಾಕಾ ಹಣೆ ಬಡಿದುಕೊಂಡು ನಕ್ಕರು. "ಖರೇ ಐತಿ ನೋಡ್ರಪಾ, ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಪುಡಿ ಎರಡೂವರಿ. ಎಲ್ಲಾರೂ ಒಂದ ಸಲ ಹೇಳ್ರಿ."

ಎಲ್ಲರೂ ಹೇಳಿದರು. ಡಬ್ಬಿ ಹಿಡಿದವನು ಮುಚ್ಚಳವನ್ನು ಮತ್ತೆ ಬಿಗಿದು, ಅಳತೆಯ ಪಾತ್ರೆಯನ್ನು ಹುಡುಕಲು ಒಳಗೆ ಹೋದ.